ಸ್ಕ್ವೀಝ್ ಬ್ರೇಕ್‌ಔಟ್ ಯೋಜನೆ: ಮೂರು ನಿಯಮಗಳು ಖಚಿತವಾದ ಹಂತ

ಷೇರುಗಳ ದಿನದ ಬೆಲೆಗಳನ್ನು ಆಧರಿಸಿ ಬೋಲಿಂಜರ್ ಬ್ಯಾಂಡ್ ಸ್ಕ್ವೀಝ್‌ಗಳನ್ನು, ಅಂದರೆ ಏರಿಳಿತ ಕುಗ್ಗಿ ಬ್ಯಾಂಡ್ ಕಿರಿದಾದ ಹಂತಗಳನ್ನು, ಹುಡುಕುವ ಪುಟ್ಟ ಪ್ರೋಗ್ರಾಮೊಂದನ್ನು ಬಿಡುವಿನ ವೇಳೆಯಲ್ಲಿ ಬರೆಯುತ್ತಿದ್ದೇನೆ. ಮಧ್ಯಾಹ್ನ 3:30ಕ್ಕೆ ಮಾರುಕಟ್ಟೆ ಮುಗಿದ ಮೇಲೆ ಬರುವ ದತ್ತಾಂಶವನ್ನು, ಕಚೇರಿಯಿಂದ ಜಯನಗರದ ಮನೆಗೆ ಮರಳಿದ ನಂತರ ಓಡಿಸಿ, ಮರುದಿನ ಬೆಳಿಗ್ಗೆ 9:15ರೊಳಗೆ ನಿರ್ಧಾರ ಸಿದ್ಧವಾಗಿರಬೇಕೆಂಬುದು ಇದರ ಚೌಕಟ್ಟು. ನಗದು ವಿಭಾಗದಲ್ಲಿ ಕೈಯಲ್ಲಿಲ್ಲದ ಷೇರನ್ನು ಮಾರಿ ಮರುದಿನಕ್ಕೆ ಉಳಿಸಿಕೊಳ್ಳಲು ಬರುವುದಿಲ್ಲವಾದ್ದರಿಂದ ಆ ಕಿರಿದಾದ ಹಂತದಿಂದ ಬೆಲೆ ಹೊರಜಿಗಿಯುವ ಬ್ರೇಕ್‌ಔಟ್‌ಗಳಲ್ಲಿ ಮೇಲ್ಮುಖದವನ್ನು ಮಾತ್ರ ತೆಗೆದುಕೊಂಡಿದ್ದೇನೆ. ಈ ಹಂತದಲ್ಲಿ ಮೂರು ವಿಷಯಗಳು ಸ್ಪಷ್ಟವಾದವು: ಏರಿಳಿತ ಕಡಿಮೆ ಎಂದು ಯಾವಾಗ ಹೇಳಬೇಕು, ಯಾವ ದಿನ ಖರೀದಿಸಬೇಕು, ಬ್ರೇಕ್‌ಔಟ್ ಹುಸಿಯಾದರೆ ಎಲ್ಲಿ ಹೊರಬರಬೇಕು.

ಬ್ಯಾಂಡ್‌ನ ರಚನೆ ಎಲ್ಲರಿಗೂ ತಿಳಿದದ್ದೇ. ಮಧ್ಯದಲ್ಲಿ 20 ದಿನಗಳ ಸರಳ ಸರಾಸರಿ, ಅದರ ಮೇಲೆ ಮತ್ತು ಕೆಳಗೆ ಎರಡೆರಡು ಮಾನಕ ವಿಚಲನೆಗಳಷ್ಟು ದೂರದಲ್ಲಿ ಎರಡು ಗೆರೆಗಳು ಇರುತ್ತವೆ. ಆ ಎರಡು ಗೆರೆಗಳ ನಡುವಿನ ಅಂತರವನ್ನು ಸರಾಸರಿಯಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್ ದೊರೆಯುತ್ತದೆ. ಇದು ಶೇಕಡ 5ಕ್ಕಿಂತ ಕೆಳಗಿದ್ದರೆ ಸ್ಕ್ವೀಝ್ ಎಂಬಂಥ ಒಂದೇ ಗೆರೆಯನ್ನು ಎಲ್ಲ ಷೇರುಗಳಿಗೂ ಎಳೆಯುವುದು ಸರಿಯಲ್ಲ. ಸಾಬೂನು, ಬಿಸ್ಕತ್ತು ಮಾರುವ ದೊಡ್ಡ ಕಂಪನಿಗೆ ದಿನನಿತ್ಯದ್ದಾದ ಅಂತರವು ಸಣ್ಣ ಲೋಹದ ಕಂಪನಿಯೊಂದಕ್ಕೆ ಅಪರೂಪದ ಮೌನವಾಗಿರುತ್ತದೆ. ಆದ್ದರಿಂದ ಷೇರನ್ನು ಅದರ ಸ್ವಂತ ಇತಿಹಾಸದೊಂದಿಗೇ ಹೋಲಿಸಬೇಕು. ಜಾನ್ ಬೋಲಿಂಜರ್ ಅವರದೇ ಅಳತೆ ಆರು ತಿಂಗಳ ಕನಿಷ್ಠ ಬ್ಯಾಂಡ್‌ವಿಡ್ತ್. ನಾನು ಅದನ್ನು ತುಸು ಸಡಿಲಿಸಿ, ಕಳೆದ 125 ವಹಿವಾಟಿನ ದಿನಗಳ ಪೈಕಿ ಅತಿ ಕಿರಿದಾದ ಹತ್ತನೆಯ ಒಂದು ಭಾಗದೊಳಗೆ ಬಂದರೆ ಸಾಕೆಂದು ಇಟ್ಟುಕೊಂಡಿದ್ದೇನೆ, ಏಕೆಂದರೆ ಕಟ್ಟುನಿಟ್ಟಾದ ಕನಿಷ್ಠವನ್ನೇ ಹಿಡಿದರೆ ಹಿಂದಿನ ಒಂದೇ ಒಂದು ಅಸಾಧಾರಣ ದಿನದ ಕನಿಷ್ಠವು ಮುಂದಿನ ಆರು ತಿಂಗಳ ಒಳ್ಳೆಯ ಸ್ಕ್ವೀಝ್‌ಗಳನ್ನೆಲ್ಲ ತಡೆದುಬಿಡಬಹುದು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ನಿಯಮಗಳನ್ನು ಬಸವನಗುಡಿಯ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಅದು: "ಬ್ಯಾಂಡ್ ಕಿರಿದಾಗಿರೋದು ಈಗ ಷೇರು ಶಾಂತವಾಗಿರೋದ್ರಿಂದಲೋ, ಇಪ್ಪತ್ತು ದಿನದ ಹಿಂದಿನ ಗದ್ದಲ ಲೆಕ್ಕದಿಂದ ಆಚೆ ಹೋಗಿದ್ದರಿಂದಲೋ, ಅದನ್ನ ನೋಡಿದ್ದೀರಾ?" ಮಾನಕ ವಿಚಲನೆಯು 20 ದಿನಗಳನ್ನೂ ಸಮಾನವಾಗಿ ತೂಗುತ್ತದೆ, ಆ ಅವಧಿಯ ಆರಂಭದಲ್ಲಿದ್ದ ದೊಡ್ಡ ಜಿಗಿತವೊಂದು ಲೆಕ್ಕದಿಂದ ಜಾರಿದ ದಿನ, ಇಂದು ಮಾರುಕಟ್ಟೆಯಲ್ಲಿ ಏನೂ ಬದಲಾಗದಿದ್ದರೂ ಬ್ಯಾಂಡ್ ಥಟ್ಟನೆ ಕುಗ್ಗುತ್ತದೆ. ಇದನ್ನು ಬೇರ್ಪಡಿಸಲು ಎರಡನೆಯ ಷರತ್ತೊಂದನ್ನು ಸೇರಿಸಿದೆ: ಕಳೆದ 5 ದಿನಗಳ ಸರಾಸರಿ ಟ್ರೂ ರೇಂಜ್, ಅಂದರೆ ಹಿಂದಿನ ಮುಕ್ತಾಯದಿಂದಾದ ಜಿಗಿತವನ್ನೂ ಸೇರಿಸಿದ ದಿನದ ಓಡಾಟ, ಕಳೆದ 20 ದಿನಗಳ ಸರಾಸರಿಗಿಂತ ಕಡಿಮೆ ಇರಬೇಕು. ದಿನದ ಓಡಾಟವೂ ನಿಜವಾಗಿ ಕುಗ್ಗುತ್ತಿದ್ದರೆ ಮಾತ್ರ ಅದನ್ನು ಸ್ಕ್ವೀಝ್ ಎನ್ನುತ್ತೇನೆ.

ಖರೀದಿಯ ಸೂಚನೆಯಲ್ಲಿ ಕ್ರಮವೇ ಮುಖ್ಯ. ಕೋಡ್‌ನ ತಿರುಳು ಇಷ್ಟು. ಇದರಲ್ಲಿ `c` ಮುಕ್ತಾಯದ ಬೆಲೆ, `h` ದಿನದ ಗರಿಷ್ಠ, `tr` ಟ್ರೂ ರೇಂಜ್, `box` ಹಿಂದಿನ 20 ದಿನಗಳ ಗರಿಷ್ಠ.

```python
m = c.rolling(20).mean()
s = c.rolling(20).std(ddof=0)
bw = 4 * s / m
low = bw <= bw.rolling(125).quantile(0.10)
calm = tr.rolling(5).mean() < tr.rolling(20).mean()
sq = (low & calm).shift(1, fill_value=False)
box = h.rolling(20).max().shift(1)
entry = sq & (c > m + 2*s) & (c > box)
```

ಇಲ್ಲಿನ `ddof=0` ಅನ್ನು ಬರೆಯಲೇಬೇಕು, ಏಕೆಂದರೆ ಬೋಲಿಂಜರ್ ಲೆಕ್ಕದಲ್ಲಿ 20ರಿಂದಲೇ ಭಾಗಿಸುತ್ತಾರೆ, ಪಾಂಡಾಸ್ ತಾನಾಗಿ 19ರಿಂದ ಭಾಗಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು `sq` ಸಾಲಿನ `shift(1)`. ಸ್ಕ್ವೀಝ್ ಇದೆಯೇ ಎಂಬುದನ್ನು ನಿನ್ನೆಯ ಲೆಕ್ಕದಲ್ಲಿ ನೋಡಬೇಕು, ಬ್ರೇಕ್‌ಔಟ್ ಆಯಿತೇ ಎಂಬುದನ್ನು ಇಂದಿನ ಲೆಕ್ಕದಲ್ಲಿ ನೋಡಬೇಕು. ಏಕೆ ಎಂಬುದು ಉದಾಹರಣೆಯೊಂದರಿಂದ ತಿಳಿಯುತ್ತದೆ.

ಲೆಕ್ಕ ಸುಲಭವಾಗಲೆಂದು ಕಲ್ಪಿಸಿಕೊಂಡ ಷೇರೊಂದರ ಸರಾಸರಿ 500 ರೂಪಾಯಿ, ಮಾನಕ ವಿಚಲನೆ 5 ರೂಪಾಯಿ ಎಂದಿರಲಿ. ಮೇಲಿನ ಬ್ಯಾಂಡ್ 510, ಕೆಳಗಿನದು 490, ಬ್ಯಾಂಡ್‌ವಿಡ್ತ್ ಶೇಕಡ 4. ಇದು ಅದರ ಆರು ತಿಂಗಳ ಅತಿ ಕಿರಿದಾದ ದಿನಗಳ ಸಾಲಿಗೆ ಸೇರುತ್ತದೆ. 20 ದಿನಗಳ ಗರಿಷ್ಠ 509. ಮರುದಿನ ಷೇರು 514ಕ್ಕೆ ಮುಕ್ತಾಯವಾಗುತ್ತದೆ. ಆ 514 ಕೂಡ 20 ದಿನಗಳ ಲೆಕ್ಕದೊಳಗೆ ಸೇರುವುದರಿಂದ ಮಾನಕ ವಿಚಲನೆ 5.75ಕ್ಕೆ, ಮೇಲಿನ ಬ್ಯಾಂಡ್ 512.2ಕ್ಕೆ, ಬ್ಯಾಂಡ್‌ವಿಡ್ತ್ ಶೇಕಡ 4.6ಕ್ಕೆ ಏರುತ್ತವೆ. ಅಂದರೆ ಬ್ರೇಕ್‌ಔಟ್ ಮಾಡಿದ ದಿನವೇ ಬ್ಯಾಂಡನ್ನು ಅಗಲಿಸಿ ಸ್ಕ್ವೀಝ್ ಷರತ್ತನ್ನು ಅಳಿಸಿಬಿಡಬಲ್ಲದು. ಜಿಗಿತ ಬಲವಾಗಿದ್ದಷ್ಟೂ ಅಳಿಸುವ ಸಾಧ್ಯತೆ ಹೆಚ್ಚು. ಎರಡೂ ಷರತ್ತುಗಳನ್ನು ಒಂದೇ ದಿನ ಕೇಳುವ ಪ್ರೋಗ್ರಾಮು ಅತ್ಯುತ್ತಮ ಬ್ರೇಕ್‌ಔಟ್‌ಗಳನ್ನೇ ಕೈಬಿಟ್ಟು, ದುರ್ಬಲವಾದವನ್ನು ಆರಿಸಿಕೊಡುತ್ತದೆ.

ಈ ಉದಾಹರಣೆಯಲ್ಲಿ 514 ಎಂಬುದು 512.2ಕ್ಕೂ 509ಕ್ಕೂ ಮೇಲಿದೆ, ಆದ್ದರಿಂದ ಸೂಚನೆ ಸಿಗುತ್ತದೆ. ಮುಕ್ತಾಯದ ಬೆಲೆ ಸಂಜೆಗೆ ಮಾತ್ರ ತಿಳಿಯುವುದರಿಂದ ಖರೀದಿಯನ್ನು ಮರುದಿನದ ಆರಂಭದ ಬೆಲೆಯಲ್ಲಿ, ಇಲ್ಲಿ 516ಕ್ಕೆ, ಲೆಕ್ಕ ಹಾಕುತ್ತೇನೆ. ಹಿಂದಿನ ದತ್ತಾಂಶದ ಪರೀಕ್ಷೆಯಲ್ಲಿ 514ಕ್ಕೇ ಕೊಂಡಂತೆ ತೋರಿಸುವುದು ಯಾರಿಗೂ ಸಿಗದ ಬೆಲೆಯಲ್ಲಿ ವ್ಯಾಪಾರ ಮಾಡಿದಂತೆ.

ಹೊರಬರುವ ನಿಯಮದ ಮೇಲೆ ನಾನು ಹೆಚ್ಚು ಸಮಯ ಕೊಟ್ಟೆ. ಬೆಲೆ ಮತ್ತೆ ಬ್ಯಾಂಡ್‌ನೊಳಗೆ ಬಂದರೆ ಮಾರಬೇಕೆಂಬ ನಿಯಮ ಸಹಜವೆಂದು ತೋರುತ್ತದೆ, ಆದರೆ ಅದು ನಿಲ್ಲುವುದಿಲ್ಲ. ಅಗಲಗೊಳ್ಳುತ್ತಿರುವ ಬ್ಯಾಂಡ್ ತಾನೇ ಮೇಲಕ್ಕೆ ಓಡುತ್ತಿರುವುದರಿಂದ, ಸರಿಯಾಗಿ ಏರುತ್ತಿರುವ ಷೇರು ಕೂಡ ಒಂದೆರಡು ದಿನ ವಿರಮಿಸಿದ ಕೂಡಲೇ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅಳೆಯಲು ಚಲಿಸದ ಗೆರೆಯೊಂದು ಬೇಕು, ಆ ಗೆರೆಯೇ ಸೂಚನೆ ಬಂದ ದಿನ ಬರೆದಿಟ್ಟುಕೊಂಡ 509. ಮೊದಲ 5 ದಿನಗಳಲ್ಲಿ ಯಾವುದೇ ದಿನ ಅದರ ಕೆಳಗೆ ಮುಕ್ತಾಯವಾದರೆ ಬ್ರೇಕ್‌ಔಟ್ ಹುಸಿ ಎಂದು ಪರಿಗಣಿಸಿ ಮರುದಿನದ ಆರಂಭದಲ್ಲಿ ಮಾರಬೇಕು. ಐದು ದಿನ ಉಳಿದುಕೊಂಡರೆ ನಂತರ 20 ದಿನಗಳ ಸರಾಸರಿಯೇ ಹೊರಬರುವ ಗೆರೆಯಾಗುತ್ತದೆ.

ಅದೇ ಷೇರನ್ನು ಮುಂದುವರಿಸೋಣ. ಕೊಂಡ ದಿನ 519ಕ್ಕೆ, ಮರುದಿನ 512ಕ್ಕೆ ಮುಕ್ತಾಯವಾಯಿತು. ಉಳಿದ ದಿನಗಳ ಹರವು ಮೊದಲಿನಂತೆಯೇ ಇದ್ದರೆ ಮೇಲಿನ ಬ್ಯಾಂಡ್ ಈಗ ಸುಮಾರು 516.6, ಬೆಲೆ ಒಳಗೆ ಬಂದಿದೆ, ಆದರೆ 509ರ ಮೇಲಿದೆ, ಆದ್ದರಿಂದ ಹಿಡಿದುಕೊಳ್ಳಬೇಕು. ಅದರ ಮರುದಿನ 507. ಆಗ ಬ್ಯಾಂಡ್‌ವಿಡ್ತ್ ಶೇಕಡ 5.70ರಿಂದ 5.67ಕ್ಕೆ ಇಳಿಯುತ್ತದೆ, ಸ್ಕ್ವೀಝ್‌ನಿಂದ ಹೊರಬಂದ ಬ್ಯಾಂಡ್ ಇಷ್ಟು ಬೇಗ ಅಗಲಗೊಳ್ಳುವುದನ್ನು ನಿಲ್ಲಿಸುವುದು ಬ್ರೇಕ್‌ಔಟ್‌ಗೆ ಬಲವಿಲ್ಲವೆಂಬುದರ ಇನ್ನೊಂದು ಗುರುತು. ಮಾರಾಟದ ಬೆಲೆ ಮರುದಿನ 506.

ಗಮನಿಸಬೇಕಾದದ್ದು ಇಲ್ಲಿದೆ. 516 ಮತ್ತು 509ರ ನಡುವಿನ ವ್ಯತ್ಯಾಸ 7 ರೂಪಾಯಿ, ಆದರೆ ನಷ್ಟ 10 ರೂಪಾಯಿ. ಡೆಲಿವರಿಯ ಖರೀದಿ ಮತ್ತು ಮಾರಾಟ ಎರಡರ ಮೇಲೂ ಬೀಳುವ ಶೇಕಡ 0.1ರ ವಹಿವಾಟು ತೆರಿಗೆ ಎಸ್‌ಟಿಟಿ ಸೇರಿದರೆ 11. ಎಸ್‌ಟಿಟಿ ಬಿಟ್ಟು ಒಂದು ವಹಿವಾಟಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದೆಂದಿದ್ದರೆ 7ರಿಂದ ಭಾಗಿಸಿ 285 ಷೇರು ಕೊಳ್ಳುವುದು ಅಪಾಯಕರ. ನಾನು ಆ ವ್ಯತ್ಯಾಸಕ್ಕೆ ಅರ್ಧದಷ್ಟನ್ನು ಕೂಡಿಸಿ, 10.5ರಿಂದ ಭಾಗಿಸಿ 190 ಎಂದು ಇಡುತ್ತೇನೆ.

ಈ ಲೆಕ್ಕವೂ ಕೈಕೊಡುವ ಸಂದರ್ಭವೆಂದರೆ ತ್ರೈಮಾಸಿಕ ಫಲಿತಾಂಶ. ಫಲಿತಾಂಶಕ್ಕೆ ಕಾಯುತ್ತಾ ಷೇರುಗಳು ಶಾಂತವಾಗುವುದು ಸಾಮಾನ್ಯ, ಆ ಶಾಂತಿ ಒಡೆಯುವುದು ಮರುಬೆಳಿಗ್ಗೆಯ ದೊಡ್ಡ ಗ್ಯಾಪ್‌ನಿಂದ. ಮುಕ್ತಾಯದ ಬೆಲೆಗೆ ಕಾಯುವ ನನ್ನ ಹೊರಬರುವ ಗೆರೆಗೆ ಅಲ್ಲಿ ಕೆಲಸವೇ ಇಲ್ಲ. ನಮ್ಮ ಊರಿನ ಇನ್ಫೋಸಿಸ್‌ನಂಥ ಕಂಪನಿಯ ಫಲಿತಾಂಶ ಸಾಮಾನ್ಯವಾಗಿ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮಧ್ಯಭಾಗದಲ್ಲಿ ಬರುವುದು ಮೊದಲೇ ತಿಳಿದಿರುತ್ತದೆ. ಆದ್ದರಿಂದ ಘೋಷಿತ ದಿನಾಂಕಕ್ಕೆ 5 ವಹಿವಾಟಿನ ದಿನಗಳಿಗಿಂತ ಕಡಿಮೆ ಉಳಿದಿದ್ದರೆ ಸೂಚನೆಯನ್ನು ತಳ್ಳಿಹಾಕುವ ಸಾಲನ್ನು ಈಗ ಬರೆಯುತ್ತಿದ್ದೇನೆ. ಅದು ಮುಗಿದ ಮೇಲೆ, ಸ್ಥಿರ ಗೆರೆಯಾಗಿ 20 ದಿನಗಳ ಗರಿಷ್ಠಕ್ಕೆ ಬದಲಾಗಿ ಬ್ರೇಕ್‌ಔಟ್ ದಿನದ ಕನಿಷ್ಠವನ್ನು ಇಟ್ಟರೆ ಹುಸಿ ಎಂದು ಬಿಟ್ಟುಬಂದ ಎಷ್ಟು ಷೇರುಗಳು ಉಳಿದುಕೊಳ್ಳುತ್ತಿದ್ದವು ಎಂಬುದನ್ನು ಪರೀಕ್ಷಿಸುವೆ.