ಬಫರ್ ಲೆಕ್ಕ: ಮೊದಲು ಮಿಲಿಮೋಲ್, ಆಮೇಲೆ ಲಾಗ್

ದ್ವಿತೀಯ ಪಿಯುಸಿ ಮಕ್ಕಳ ವರ್ಕ್‌ಶೀಟ್ ತಿದ್ದುವಾಗ ಬಫರ್ ಲೆಕ್ಕ ಕೈಕೊಡುವುದು ಎರಡೇ ಕಡೆ: ಸೂತ್ರಕ್ಕೆ ಯಾವ ಸಂಖ್ಯೆ ಹಾಕಬೇಕು ಎಂಬಲ್ಲಿ, ಮತ್ತು ಲಾಗ್ ಬಿಡಿಸುವಲ್ಲಿ. pH = pKa + log(ಲವಣ/ಆಮ್ಲ) ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠವೇ.

ಈ ಲೆಕ್ಕ ನೋಡಿ. 50 ಮಿ.ಲೀ. 0.20 M ಅಸಿಟಿಕ್ ಆಮ್ಲಕ್ಕೆ 30 ಮಿ.ಲೀ. 0.20 M ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದೆ. Ka = 1.8 × 10⁻⁵. pH ಎಷ್ಟು?

ಮೊದಲು pKa. ಇದನ್ನು ಒಂದೇ ಸಾಲಿನಲ್ಲಿ ಮುಗಿಸಲು ಬಿಡಬಾರದು:

pKa = −log(1.8 × 10⁻⁵)
= −(log 1.8 + log 10⁻⁵)
= −(0.2553 − 5)
= 4.7447 ≈ 4.74

ಆವರಣ ಬಿಟ್ಟವರಿಗೆ −5.26 ಬರುತ್ತದೆ, ಋಣ ಚಿಹ್ನೆ ಕೈಬಿಟ್ಟು 5.26 ಎಂದು ಬರೆದುಬಿಡುತ್ತಾರೆ. ಲಾಗ್ ಟೇಬಲ್ ಪದ್ಧತಿಯಲ್ಲಿ ಇದೇ ಲಾಗ್ ಅನ್ನು 5ರ ತಲೆಯ ಮೇಲೆ ಗೆರೆ ಎಳೆದು 'ಬಾರ್ ಐದು .2553' ಎಂದು ಬರೆಯುತ್ತಾರೆ. ಆ ಗೆರೆ 5ಕ್ಕೆ ಮಾತ್ರ ಋಣ ಚಿಹ್ನೆ, .2553 ಧನವೇ. ಇಡೀ ಸಂಖ್ಯೆಯನ್ನೇ −5.2553 ಎಂದು ಓದಿದರೆ ಅದೇ ತಪ್ಪು.

ಇನ್ನು ಮಿಲಿಮೋಲ್. ಆಮ್ಲ 50 × 0.20 = 10, ಕ್ಷಾರ 30 × 0.20 = 6. ಕ್ಷಾರವೆಲ್ಲ ಆಮ್ಲದೊಂದಿಗೆ ವರ್ತಿಸಿ ಮುಗಿಯುತ್ತದೆ. 6 ಮಿಲಿಮೋಲ್ ಲವಣ ಹುಟ್ಟುತ್ತದೆ, ಆಮ್ಲ 4 ಮಿಲಿಮೋಲ್ ಉಳಿಯುತ್ತದೆ. ಛೇದದಲ್ಲಿ ಬರಬೇಕಾದದ್ದು ಈ 4. ಮೊದಲಿದ್ದ 10 ಅನ್ನೇ ಹಾಕಿದರೆ log 0.6 = 0.7782 − 1 = −0.2218, ಉತ್ತರ 4.52. ಇದು ನೋಡಲು ಸರಿ ಅನ್ನಿಸುವ ಉತ್ತರ, ಹಾಗಾಗಿಯೇ ಅಪಾಯ. ಒಟ್ಟು 80 ಮಿ.ಲೀ. ಲವಣಕ್ಕೂ ಆಮ್ಲಕ್ಕೂ ಒಂದೇ ಆದ್ದರಿಂದ ಅನುಪಾತದಲ್ಲಿ ಹೊಡೆದುಹೋಗುತ್ತದೆ, ಭಾಗಿಸುತ್ತಾ ಕೂರಬೇಕಿಲ್ಲ.

pH = 4.74 + log(6/4)
= 4.74 + log 1.5
= 4.74 + 0.18
= 4.92

ಲವಣ ಆಮ್ಲಕ್ಕಿಂತ ಹೆಚ್ಚಿದ್ದರೆ pH ಯಾವತ್ತೂ pKaಗಿಂತ ಮೇಲಿರಬೇಕು. 4.56 ಬಂದಿದ್ದರೆ ಅನುಪಾತ ತಲೆಕೆಳಗಾಗಿದೆ ಎಂದೇ ಅರ್ಥ.

ತಾಳೆ ನೋಡಲು ಲಾಗ್ ಇಲ್ಲದ ದಾರಿಯೂ ಇದೆ: [H⁺] = Ka × 4/6 = 1.2 × 10⁻⁵. ಈಗ 4.92ರಿಂದ ಹಿಂದಕ್ಕೆ ಬನ್ನಿ. −4.92 ಅನ್ನು −5 + 0.08 ಎಂದು ಒಡೆಯಬೇಕು, ಏಕೆಂದರೆ ಟೇಬಲ್‌ನಲ್ಲಿ ಆಂಟಿಲಾಗ್ ನೋಡಲು ದಶಮಾಂಶ ಭಾಗ ಧನವಾಗಿರಬೇಕು. 0.08ರ ಆಂಟಿಲಾಗ್ 1.20, ಅಂದರೆ ಮತ್ತೆ 1.2 × 10⁻⁵. ಒಡೆಯದೆ .92ಕ್ಕೇ ಆಂಟಿಲಾಗ್ ನೋಡಿದವರಿಗೆ 8.3 ಸಿಗುತ್ತದೆ.

ವರ್ಕ್‌ಶೀಟಿನ ಕೊನೆಗೆ ಕ್ಷಾರವನ್ನು 50 ಮಿ.ಲೀ.ಗೆ ಏರಿಸಿದ ಪ್ರಶ್ನೆಯೊಂದನ್ನು ಇಡುವುದು ಒಳ್ಳೆಯದು. ಅಲ್ಲಿ ಆಮ್ಲ ಸೊನ್ನೆ, ಬಫರ್ ಸೂತ್ರ ನಡೆಯದು. ಉಳಿದಿರುವುದು 100 ಮಿ.ಲೀ.ನಲ್ಲಿ 10 ಮಿಲಿಮೋಲ್ ಸೋಡಿಯಂ ಅಸಿಟೇಟ್, ಅಂದರೆ 0.10 M. ಲವಣದ ಜಲವಿಭಜನೆಯ ಸೂತ್ರ ಹಿಡಿಯಬೇಕು:

pH = 7 + ½(4.74 + log 0.10)
= 7 + ½(3.74)
= 8.87