118ರ ಮೇಲಧಿಕಾರಿ ಯಾರು?

ನಲವತ್ತೊಂದು ಜನರ ಪಟ್ಟಿ ಅದು. ಯಾರ ರಜೆ ಅರ್ಜಿ ಯಾರ ಮೇಜಿಗೆ ಹೋಗಬೇಕೆಂದು ತೀರ್ಮಾನಿಸುವ ಕೋಷ್ಟಕವನ್ನು ನಾನು ತಯಾರಿಸಬೇಕಿತ್ತು. ಕೈಯಲ್ಲಿದ್ದದ್ದು ಎರಡೇ: ಪಠ್ಯರೂಪದಲ್ಲಿದ್ದ ಸಂಸ್ಥೆಯ ರಚನಾ ನಕ್ಷೆ, ಮತ್ತು ನೇಮಕಾತಿ ಪತ್ರಗಳ ಕಡತ. ಹಲವರ ಪದನಾಮ ಪತ್ರದಲ್ಲಿ ಒಂದು, ನಕ್ಷೆಯಲ್ಲಿ ಇನ್ನೊಂದು. ಸಹಿ ಇರುವ ಕಾಗದಕ್ಕೇ ತೂಕ ಹೆಚ್ಚೆಂದುಕೊಂಡು, ತಕರಾರಿದ್ದಲ್ಲೆಲ್ಲ ಪತ್ರವನ್ನೇ ನಂಬಿದೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ಹೆಸರು, ಹುದ್ದೆ ಎರಡೂ ಬದಲಾಗುವುದರಿಂದ ಕೊಂಡಿ ಹಾಕಿದ್ದು ಸಿಬ್ಬಂದಿ ಸಂಖ್ಯೆಯಿಂದ. A ಕಾಲಂನಲ್ಲಿ ನೌಕರರ ಸಂಖ್ಯೆ, C ಕಾಲಂನಲ್ಲಿ ಮೇಲಧಿಕಾರಿಯ ಸಂಖ್ಯೆ. ಎಲ್ಲರ ದಾರಿಯೂ ಮುಖ್ಯಸ್ಥರಾದ 101ರವರೆಗೆ ತಲುಪುತ್ತದೆಯೇ ಎಂದು ನೋಡಲು D2ರಲ್ಲಿ ಈ ಸೂತ್ರ ಬರೆದು ಬಲಕ್ಕೂ ಕೆಳಕ್ಕೂ ಎಳೆದೆ:

```
=IF(OR(C2="",C2=101),"",XLOOKUP(C2,$A$2:$A$42,$C$2:$C$42,""))
```

ಹೆಚ್ಚಿನ ಸಾಲುಗಳು ಮೂರು ನಾಲ್ಕು ಹೆಜ್ಜೆಯಲ್ಲಿ 101 ಮುಟ್ಟಿ ನಿಂತವು. ಏಳು ಸಾಲುಗಳು ಮಾತ್ರ ನಿಲ್ಲಲೇ ಇಲ್ಲ: 104, 118, 104, 118 ಎಂದು ಪರದೆಯ ಅಂಚಿನವರೆಗೂ ಓಡಿದವು. ಸುತ್ತಿನಲ್ಲಿ ಸಿಕ್ಕಿಕೊಂಡವರು ಇಬ್ಬರೇ; ಉಳಿದ ಐವರು ಅವರ ಕೈಕೆಳಗಿನವರು. ಈ ಇಬ್ಬರು ಒಬ್ಬರ ರಜೆಯನ್ನು ಇನ್ನೊಬ್ಬರು ಮಂಜೂರು ಮಾಡುವ ಸ್ಥಿತಿ!

ಇಬ್ಬರ ಪತ್ರಗಳನ್ನೂ ಪಕ್ಕಪಕ್ಕ ಇಟ್ಟು ಓದಿದೆ. 118ರ ಪತ್ರ 2018ರದು: ಹುದ್ದೆ ಸಹಾಯಕ ವ್ಯವಸ್ಥಾಪಕಿ, ಉಪ ವ್ಯವಸ್ಥಾಪಕರಿಗೆ ವರದಿ ಮಾಡಿಕೊಳ್ಳತಕ್ಕದ್ದು. 104ರ ಪತ್ರದಲ್ಲಿ: ಹುದ್ದೆ ಉಪ ವ್ಯವಸ್ಥಾಪಕ, ವ್ಯವಸ್ಥಾಪಕರಿಗೆ ವರದಿ. ಎರಡರಲ್ಲೂ ಮೇಲಧಿಕಾರಿಯ ಹೆಸರಿಲ್ಲ, ಹುದ್ದೆ ಮಾತ್ರ ಇದೆ. ಆ ಹುದ್ದೆಯಲ್ಲಿರುವವರನ್ನು ನಾನು ಹುಡುಕಿದ್ದು ಇಂದಿನ ನಕ್ಷೆಯಲ್ಲಿ. ಅಲ್ಲಿ ಉಪ ವ್ಯವಸ್ಥಾಪಕರು ಈಗಲೂ 104; ವ್ಯವಸ್ಥಾಪಕಿ ಮಾತ್ರ 118! ನಡುವೆ ಅವರಿಗೆ ಬಡ್ತಿ ಸಿಕ್ಕಿತ್ತು. ಕಡತದ ಕೊನೆಯಲ್ಲಿ, ನಾನು ತೆರೆಯದೇ ಬಿಟ್ಟಿದ್ದ ಲಕೋಟೆಯಲ್ಲಿ, 2021ರ ಬಡ್ತಿ ಆದೇಶ ಸಿಕ್ಕಿತು.

ಪತ್ರವೂ ಸುಳ್ಳಲ್ಲ, ನಕ್ಷೆಯೂ ಸುಳ್ಳಲ್ಲ. ಪತ್ರ ಹೇಳುವುದು ಸೇರಿದ ದಿನದ ಮಾತು. ವರದಿಯ ಷರತ್ತು ಅಂದಿನ ಹುದ್ದೆಗೆ ಅಂಟಿಕೊಂಡದ್ದು, ವ್ಯಕ್ತಿಗಲ್ಲ. ಹುದ್ದೆ ಬಿಟ್ಟ ದಿನವೇ ಆ ಷರತ್ತಿನ ಆಯುಷ್ಯ ಮುಗಿಯುತ್ತದೆ.

ಮತ್ತೆ ಮೊದಲಿನಿಂದ ಕುಳಿತೆ. ಪತ್ರದ ಪದನಾಮ, ನಕ್ಷೆಯ ಪದನಾಮ, ಜಾರಿಯ ದಿನಾಂಕ, ಆಧಾರದ ಕಾಗದ — ಪ್ರತಿಯೊಂದಕ್ಕೂ ಬೇರೆ ಕಾಲಂ. ಪದನಾಮ ಬೇರೆಯಾಗಿದ್ದವರಿಗೆಲ್ಲ ನಡುವಿನ ಆದೇಶವನ್ನು ಹುಡುಕಿದೆ. 118ರ ಮುಂದೆ 101 ಬರೆದಾಗ ಏಳೂ ಸಾಲುಗಳು ಒಟ್ಟಿಗೇ ನಿಂತವು. ಬೇರೆ ಇಬ್ಬರ ಬದಲಾವಣೆಗೆ ಮಾತ್ರ ಯಾವ ಆದೇಶವೂ ಸಿಗಲಿಲ್ಲ. ಅವರ ಮೇಲಧಿಕಾರಿಯ ಕೋಶವನ್ನು ಊಹೆಯಿಂದ ತುಂಬದೆ ಖಾಲಿ ಬಿಟ್ಟು, ಆ ಎರಡು ಸಂಖ್ಯೆಗಳನ್ನು ಬರೆದು ಸಿಬ್ಬಂದಿ ವಿಭಾಗಕ್ಕೆ ಕಳುಹಿಸಿದೆ.