ಲೆಕ್ಚರ್ ನೋಟ್ಸ್‌ನಿಂದ ಸರ್ವೆ ಚೆಕ್‌ಲಿಸ್ಟ್: ಇಳಕಲ್ ಮಗ್ಗಗಳ ಕೆಲಸ ಎಲ್ಲಿಗೆ ಬಂತು

ಸಂಶೋಧನಾ ವಿಧಾನದ ಬಗ್ಗೆ ನಮ್ಮ ಸರ್ ಮಾಡಿದ ಲೆಕ್ಚರ್‌ನ ರೆಕಾರ್ಡಿಂಗ್ ಒಂದು ನನ್ನ ಹತ್ತಿರ ಇದೆ. ಪ್ರಶ್ನಾವಳಿ ಬರೆಯುವುದರಿಂದ ಹಿಡಿದು ಸ್ಯಾಂಪಲ್ ಆರಿಸುವವರೆಗೆ ಎಲ್ಲಾ ಅದರಲ್ಲಿದೆ. ಅದನ್ನ ಒಂದು ಚೆಕ್‌ಲಿಸ್ಟ್ ಮಾಡಬೇಕು ಅನ್ನೋದು ಈ ಪ್ರಾಜೆಕ್ಟ್. ಸುಮ್ನೆ ಸಾರಾಂಶ ಬರೆದರೆ ಯಾರಿಗೂ ಉಪಯೋಗ ಇಲ್ಲ. ಹಾಗಾಗಿ ಒಂದು ನಿಜವಾದ ಸರ್ವೆಯನ್ನ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಳಕಲ್‌ನಲ್ಲಿ ಕೈಮಗ್ಗ ಇರುವ ಮನೆಗಳಲ್ಲಿ ಎಷ್ಟು ಮನೆ ಹೋದ ಯುಗಾದಿಯಿಂದ ಈಚೆಗೆ ಮಗ್ಗ ನಿಲ್ಲಿಸಿವೆ? ನಡೆಸುತ್ತಿರುವವರಿಗೆ ಒಂದು ಸೀರೆಗೆ ಕೈಯಲ್ಲಿ ಎಷ್ಟು ಉಳಿಯುತ್ತದೆ? ಬಾಗಲಕೋಟೆಯ ಕೆಲವು ಗೆಳೆಯರಾದ ನಮಗೆ ಬೇಕಾಗಿರುವುದು ಈ ಎರಡು ಪ್ರಶ್ನೆಗೆ ಉತ್ತರ.

ಟಿಕ್ ಹಾಕಲು ಬರುವ ಸಾಲು ಯಾವುದು?

ಲೆಕ್ಚರ್‌ನಲ್ಲಿ "ಪ್ರಶ್ನೆ ಸರಳವಾಗಿ, ಸ್ಪಷ್ಟವಾಗಿ ಇರಬೇಕು" ಅಂತ ಒಂದು ಮಾತು ಬರುತ್ತದೆ. ಮಾತು ಸರಿ. ಆದರೆ ಇದನ್ನ ಹಾಗೇ ಚೆಕ್‌ಲಿಸ್ಟ್‌ಗೆ ಹಾಕಿದರೆ ಪ್ರಶ್ನೆ ಬರೆದವನು ಕಣ್ಣು ಮುಚ್ಚಿ ಟಿಕ್ ಹಾಕುತ್ತಾನೆ. ತನ್ನ ಪ್ರಶ್ನೆ ಯಾರಿಗೆ ಅಸ್ಪಷ್ಟ ಅನಿಸುತ್ತದೆ, ಅಲ್ವಾ? ಅದಕ್ಕೇ ಒಂದು ನಿಯಮ ಮಾಡಿಕೊಂಡೆ. ಟಿಕ್ ಹಾಕಬೇಕೆಂದರೆ ತೋರಿಸಲು ಏನಾದರೂ ಕೈಯಲ್ಲಿರಬೇಕು: ಒಂದು ಪಟ್ಟಿ, ಒಂದು ಖಾಲಿ ಕೋಷ್ಟಕ, ಯಾರೋ ಹೇಳಿದ ಉತ್ತರ. ಆ ಸಾಲು ಈಗ ಹೀಗಿದೆ: "ಈ ಪ್ರಶ್ನೆಯನ್ನ ಮಗ್ಗ ನಡೆಸುವ ಐದು ಜನರಿಗೆ ಓದಿ, ಅವರಿಗೆ ಏನು ಅರ್ಥವಾಯಿತು ಅಂತ ಅವರ ಮಾತಿನಲ್ಲೇ ಬರೆದುಕೊಂಡಿದ್ದೀರಾ?"

ಪಟ್ಟಿಯ ಮೊದಲ ಸಾಲು ಪ್ರಶ್ನೆಗಳ ಬಗ್ಗೆ ಇಲ್ಲ. ಸರ್ವೆ ಮುಗಿದ ಮೇಲೆ ತುಂಬಬೇಕಾದ ಕೋಷ್ಟಕವನ್ನ ಈಗಲೇ ಖಾಲಿಯಾಗಿ ಬರೆದಿಡಬೇಕು ಅನ್ನೋದು ಅದು. ನಮ್ಮದು ಎರಡೇ ಕೋಷ್ಟಕ. ಒಂದರಲ್ಲಿ ಓಣಿ, ಮಗ್ಗ ನಡೆಯುತ್ತಿದೆ, ನಿಂತಿದೆ. ಇನ್ನೊಂದರಲ್ಲಿ ಸೀರೆಯ ಬಗೆ, ಹಿಡಿದ ದಿನ, ಕೈಗೆ ಉಳಿದ ಹಣ. ಯಾವ ಖಾನೆಗೂ ಹೋಗದ ಪ್ರಶ್ನೆ ಪ್ರಶ್ನಾವಳಿಯಿಂದ ಹೊರಗೆ. ಹೀಗೆ ನೋಡಿದಾಗ ಗೆಳೆಯರು ಸೇರಿಸಿದ್ದ ಅರ್ಧದಷ್ಟು ಪ್ರಶ್ನೆ ಬಿದ್ದುಹೋದವು. ಮನೆಯಲ್ಲಿ ಟಿವಿ ಇದೆಯಾ, ಯಾವ ಪೇಪರ್ ಓದುತ್ತೀರಿ, ಅಂಥವು.

ಸಂಪಾದನೆಯ ಪ್ರಶ್ನೆ

ಜಾಸ್ತಿ ಸಮಯ ಹೋದದ್ದು ಇಲ್ಲೇ. ಮೊದಲ ಕರಡಿನಲ್ಲಿ ಪ್ರಶ್ನೆ ಹೀಗಿತ್ತು: "ನೇಕಾರಿಕೆಯಿಂದ ನಿಮ್ಮ ತಿಂಗಳ ಸರಾಸರಿ ಆದಾಯ ಎಷ್ಟು?" ಓದಲು ಚೆಂದ. ಇಳಕಲ್‌ನಲ್ಲಿ ಪರಿಚಯದ ನೇಕಾರರೊಬ್ಬರ ಮುಂದೆ ಇದನ್ನ ಓದಿದಾಗ ಅವರು ಮಗ್ಗದ ಕುಣಿಯೊಳಗಿಂದಲೇ ಹೇಳಿದರು: "ತಿಂಗಳ ಲೆಕ್ಕ ನಮಗ ಎಲ್ಲಿ ಬರ್ತೈತ್ರಿ? ಸೀರಿ ಲೆಕ್ಕ ಕೇಳ್ರಿ, ಹೇಳ್ತೀನಿ."

ಅವರ ಮಾತಿನಲ್ಲೇ ಪರಿಹಾರ ಇತ್ತು. ಸಾಹುಕಾರರಿಂದ ನೂಲು ತಂದು, ನೇಯ್ದು ಕೊಟ್ಟು, ಸೀರೆಗೆ ಇಷ್ಟು ಅಂತ ಮಜೂರಿ ತೆಗೆದುಕೊಳ್ಳುವವರಿಗೆ ತಿಂಗಳು ಅನ್ನೋ ಅಳತೆ ತಲೆಯಲ್ಲೇ ಇರುವುದಿಲ್ಲ. ತಿಂಗಳಿಗೆ ಎಷ್ಟು ಅಂದರೆ ಅವರು ಸೀರೆ ಎಣಿಸಬೇಕು, ಮಜೂರಿಯಿಂದ ಗುಣಿಸಬೇಕು, ಮುಂಗಡಕ್ಕೆ ಮುರಿದುಕೊಂಡದ್ದನ್ನ ಕಳೆಯಬೇಕು. ಇಷ್ಟೆಲ್ಲಾ ಯಾರೂ ಮಾಡುವುದಿಲ್ಲ, ಒಂದು ಗುಂಡು ಸಂಖ್ಯೆ ಹೇಳಿ ಮುಗಿಸುತ್ತಾರೆ. ಉತ್ತರಗಳೆಲ್ಲಾ ಸಾವಿರ, ಐದು ನೂರರ ಗುಂಡು ಸಂಖ್ಯೆಯಲ್ಲೇ ಬಂದರೆ ಅದು ಲೆಕ್ಕ ಅಲ್ಲ, ಅಂದಾಜು ಅಂತ ತಿಳಿಯಬೇಕು. ಪ್ರಾಯೋಗಿಕವಾಗಿ ಕೇಳಿದ ಹಾಳೆಗಳಲ್ಲಿ ಇದನ್ನ ನೋಡುವುದೂ ಈಗ ಚೆಕ್‌ಲಿಸ್ಟ್‌ನಲ್ಲಿ ಒಂದು ಸಾಲು.

ಆ ಒಂದು ಪ್ರಶ್ನೆ ಒಡೆದು ನಾಲ್ಕಾಯಿತು. ಕೊನೆಗೆ ನೇಯ್ದು ಮುಗಿಸಿದ ಸೀರೆ ಯಾವ ಬಗೆಯದು? ಅದಕ್ಕೆ ಎಷ್ಟು ದಿನ ಹಿಡಿಯಿತು? ಅದಕ್ಕೆ ಒಪ್ಪಿದ ಮಜೂರಿ ಎಷ್ಟು, ಕೈಗೆ ಬಂದದ್ದು ಎಷ್ಟು? ಅದರಲ್ಲಿ ನೀವೇ ಹೊರಗೆ ಕೊಟ್ಟ ಖರ್ಚು ಎಷ್ಟು? ಗುಣಿಸಿ ಕಳೆಯುವ ಕೆಲಸ ನಮ್ಮದು, ನೆನಪಿನಿಂದ ಹೇಳುವುದಷ್ಟೇ ಅವರದು. ಸೀರೆಯ ಬಗೆ ಕೇಳಲೇಬೇಕು. ಒಬ್ಬರ ಕೊನೆಯ ಸೀರೆ ಹತ್ತಿ, ಇನ್ನೊಬ್ಬರದು ಪೂರ್ತಿ ರೇಷ್ಮೆ ಆಗಿದ್ದರೆ ಎರಡೂ ಮಜೂರಿ ಸೇರಿಸಿ ಸರಾಸರಿ ತೆಗೆಯುವುದಕ್ಕೆ ಅರ್ಥವಿಲ್ಲ. ಸಾಹುಕಾರರಿಂದ ತೆಗೆದುಕೊಂಡ ಮುಂಗಡದ ಬಗ್ಗೆ ಇರುವ ಇನ್ನೊಂದು ಪ್ರಶ್ನೆಯನ್ನ ಕೊನೆಗೆ ತಳ್ಳಿದ್ದೇನೆ. ಸಾಹುಕಾರರ ಕಡೆಯವರು ಯಾರಾದರೂ ಪಕ್ಕದಲ್ಲಿದ್ದರೆ ಆ ಪ್ರಶ್ನೆ ಕೇಳಬಾರದು, "ಕೇಳಲಿಲ್ಲ" ಅಂತ ಬರೆಯಬೇಕು.

"ನೀವು ನೇಕಾರರೇ?" ಅನ್ನೋ ಪ್ರಶ್ನೆಯನ್ನೂ ತೆಗೆದೆ. ಇಡೀ ದಿನ ಕಂಡಿಕೆ ಸುತ್ತುವ, ಅಂದರೆ ಅಡ್ಡ ನೂಲನ್ನ ಚಿಕ್ಕ ಕೊಳವೆಗೆ ಸುತ್ತುವ ಹೆಣ್ಣುಮಗಳು ಈ ಪ್ರಶ್ನೆಗೆ ಇಲ್ಲ ಅನ್ನುತ್ತಾಳೆ. ನೇಯುವವನು ಅವಳ ಗಂಡ, ಅವಳು ಬರೀ ಕಂಡಿಕೆ ಸುತ್ತುತ್ತಾಳೆ ಅಂತ ಅವಳ ಲೆಕ್ಕ. ಅವಳ ದುಡಿಮೆ ಹಾಳೆಗೆ ಬರುವುದೇ ಇಲ್ಲ. ಅದಕ್ಕೆ ಕೆಲಸಗಳನ್ನ ಒಂದೊಂದಾಗಿ ಓದುತ್ತೇವೆ: ಕಂಡಿಕೆ ಸುತ್ತುವುದು, ಉದ್ದ ನೂಲಿನ ಹಾಸು ಹಾಕುವುದು, ಸೆರಗಿನ ಹಾಸನ್ನ ಸೀರೆಯ ಮೈಯ ಹಾಸಿನ ಜೊತೆ ಜೋಡಿಸುವುದು, ನೇಯುವುದು. ಪ್ರತಿಯೊಂದಕ್ಕೂ ಮನೆಯಲ್ಲಿ ಯಾರು ಮಾಡುತ್ತಾರೆ ಅಂತ ಬರೆದುಕೊಳ್ಳುತ್ತೇವೆ.

ಪಟ್ಟಿ ಇಲ್ಲದೆ ಸ್ಯಾಂಪಲ್ ಇಲ್ಲ

ಲೆಕ್ಚರ್‌ನಲ್ಲಿ ಸ್ಯಾಂಪ್ಲಿಂಗ್ ಭಾಗ ಸೂತ್ರದಿಂದ ಶುರುವಾಗುತ್ತದೆ. ನಾನು ಅದನ್ನ ಹಿಂದಕ್ಕೆ ಹಾಕಿದೆ. ಯಾವುದರಿಂದ ಆರಿಸುತ್ತೀರಿ ಅನ್ನೋದು ತೀರ್ಮಾನ ಆಗದೆ ಎಷ್ಟು ಆರಿಸಬೇಕು ಅಂತ ಲೆಕ್ಕ ಹಾಕಿ ಏನು ಮಾಡುವುದು?

ನಮ್ಮ ಮುಂದೆ ಎರಡು ದಾರಿ ಇದ್ದವು. ಮಗ್ಗಗಳ ಪಟ್ಟಿ ಸಿಕ್ಕರೆ ಅದರಿಂದ ಆರಿಸುವುದು, ಇಲ್ಲವೇ ಮನೆಗಳ ಪಟ್ಟಿ ನಾವೇ ಮಾಡುವುದು. ಮಗ್ಗಗಳ ಪಟ್ಟಿಯಿಂದ ಆರನೆಯದು, ಹನ್ನೆರಡನೆಯದು ಅಂತ ಆರಿಸುತ್ತಾ ಹೋದರೆ, ಮೂರು ಮಗ್ಗ ಇರುವ ಮನೆ ಒಂದೇ ಮಗ್ಗದ ಮನೆಗಿಂತ ಮೂರು ಪಟ್ಟು ಸಲ ಸಿಕ್ಕಿಬೀಳಬಹುದು. ನಮ್ಮ ಪ್ರಶ್ನೆ ಮನೆಗಳ ಬಗ್ಗೆ. ದೊಡ್ಡ ಮನೆಗಳೇ ಜಾಸ್ತಿ ಬಂದರೆ ಮಗ್ಗ ನಿಲ್ಲಿಸಿದವರ ಪ್ರಮಾಣ ನಿಜಕ್ಕಿಂತ ಕಡಿಮೆ ಕಾಣಬಹುದು. ಮಗ್ಗದ ಪಟ್ಟಿಯೇ ಗತಿ ಅಂದರೆ ಮೂರು ಮಗ್ಗದ ಮನೆಯ ಉತ್ತರಕ್ಕೆ ಮೂರನೇ ಒಂದು ತೂಕ ಕೊಡಬೇಕು. ನಾವು ಮನೆಗಳ ಪಟ್ಟಿಯನ್ನೇ ಮಾಡುತ್ತೇವೆ, ಪ್ರತಿ ಮನೆಯ ಮುಂದೆ ಮಗ್ಗ ಎಷ್ಟು ಅಂತ ಬರೆದಿಡುತ್ತೇವೆ.

ಮನೆ ಅಂದರೆ ಯಾವುದು ಅನ್ನೋದಕ್ಕೆ ಜನಗಣತಿಯ ಪದ್ಧತಿಯೇ ಸಾಕು. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಮನೆ. ಅಣ್ಣ ತಮ್ಮ ಒಂದೇ ಬಾಗಿಲಲ್ಲಿದ್ದು ಒಲೆ ಬೇರೆ ಇದ್ದರೆ ಎರಡು ಮನೆ.

ಪಟ್ಟಿ ಮಾಡುವಾಗ ಒಂದು ದೊಡ್ಡ ಅಪಾಯ ಇದೆ. ಓಣಿಯಲ್ಲಿ ನಡೆಯುವಾಗ ಮಗ್ಗದ ಸದ್ದು ಕೇಳಿದ ಬಾಗಿಲನ್ನಷ್ಟೇ ಬರೆದುಕೊಳ್ಳುವ ಆಸೆ ಆಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ನಿಂತ ಮಗ್ಗಕ್ಕೆ ಸದ್ದಿಲ್ಲ, ನಾವು ಎಣಿಸಲು ಹೊರಟಿರುವುದು ಅದನ್ನೇ. ಹಾಗಾಗಿ ಪ್ರತಿ ಬಾಗಿಲಲ್ಲೂ ನಿಂತು "ಹೋದ ಯುಗಾದಿಗೆ ಮನೆಯಲ್ಲಿ ಮಗ್ಗ ಇತ್ತಾ?" ಅಂತ ಕೇಳಬೇಕು. ಬಾಗಲಕೋಟೆಯ ನಮ್ಮ ನವನಗರದಲ್ಲಿ ಸೆಕ್ಟರ್, ಮನೆ ನಂಬರ್ ಹಿಡಿದು ಹೋಗಬಹುದು. ಇಳಕಲ್‌ನ ಹಳೇ ಓಣಿಗಳಲ್ಲಿ ನಾವೇ ನಕ್ಷೆ ಬರೆದು, ಸೀಮೆಸುಣ್ಣದಲ್ಲಿ ನಂಬರ್ ಹಾಕಿಕೊಂಡು ಹೋಗಬೇಕು.

ಎಷ್ಟು ಮನೆ?

ಪಟ್ಟಿಯಲ್ಲಿ 600 ಮನೆ ಬಂತು ಅಂದುಕೊಳ್ಳಿ. ಎಷ್ಟು ಪ್ರತಿಶತ ನಿಲ್ಲಿಸಿವೆ ಅಂತ ಮೊದಲೇ ತಿಳಿಯದು, ಅದಕ್ಕೆ ಅರ್ಧ ಅಂತ ಇಟ್ಟುಕೊಳ್ಳುವುದು ವಾಡಿಕೆ. ಜಾಸ್ತಿ ಸ್ಯಾಂಪಲ್ ಬೇಡುವುದು ಅದೇ, ಹಾಗಾಗಿ ಅದು ಸುರಕ್ಷಿತ. ಹತ್ತು ಪ್ರತಿಶತ ಆಚೆ ಈಚೆ ನಡೆಯುತ್ತದೆ, 95 ಪ್ರತಿಶತ ಭರವಸೆ ಸಾಕು, ಸೂತ್ರದಲ್ಲಿ 1.96 ಬರುವುದು ಅದಕ್ಕೇ:

```
1.96^2 * 0.5 * 0.5 / 0.10^2  ≈ 96
96 / (1 + 95/600)            ≈ 83
83 / 0.85                    ≈ 98
```

ಎರಡನೇ ಸಾಲು ಊರು ಚಿಕ್ಕದಿರುವುದಕ್ಕೆ ಮಾಡಿದ ತಿದ್ದುಪಡಿ. ಮೂರನೆಯದು ಸಿಗದ ಮನೆಗಳಿಗೆ, ನೂರಕ್ಕೆ 15 ಅಂತ ಹಿಡಿದಿದ್ದೇನೆ. 98 ಅಂದರೆ ಆರಕ್ಕೆ ಒಂದು ಮನೆ. ಒಂದರಿಂದ ಆರರವರೆಗೆ ಚೀಟಿ ಬರೆದು ಒಂದನ್ನ ಎತ್ತುವುದು. 4 ಬಂದರೆ 4, 10, 16 ಹೀಗೆ 598ರವರೆಗೆ, ಒಟ್ಟು 100 ಮನೆ. ಪಟ್ಟಿ ಓಣಿಯ ಸಾಲಿನಲ್ಲೇ ಇರುವುದರಿಂದ ಎಲ್ಲಾ ಓಣಿಗಳೂ ತಮ್ಮ ಅಳತೆಗೆ ತಕ್ಕಂತೆ ಒಳಗೆ ಬರುತ್ತವೆ.

83 ಮನೆಯಲ್ಲಿ 30 ಪ್ರತಿಶತ ನಿಲ್ಲಿಸಿವೆ ಅಂತ ಬಂದರೆ ಊರಿನ ಉತ್ತರ ಸುಮಾರು 21ರಿಂದ 39 ಪ್ರತಿಶತದ ನಡುವೆ ಅಂತ ಓದಬೇಕು. ಓಣಿ ಓಣಿಗೆ ಬೇರೆ ಉತ್ತರ ಬೇಕು ಅಂತ ಗೆಳೆಯರೊಬ್ಬರು ಕೇಳಿದರು. ಒಂದು ಓಣಿಯಲ್ಲಿ 25 ಮನೆ ಮಾತ್ರ ಸಿಕ್ಕರೆ ಆಚೆ ಈಚೆ ಸುಮಾರು 20 ಪ್ರತಿಶತ ಆಗುತ್ತದೆ. ಅದರಿಂದ ಓಣಿಗಳನ್ನ ಹೋಲಿಸಲು ಬರುವುದಿಲ್ಲ. ಮೊದಲ ಖಾಲಿ ಕೋಷ್ಟಕದಿಂದ ಓಣಿಯ ಖಾನೆಯನ್ನ ನಾನು ತೆಗೆಸಿದೆ. ಪ್ರಶ್ನೆಯಿಂದ ಸ್ಯಾಂಪಲ್‌ವರೆಗೆ ಹೋಗಿ, ಮತ್ತೆ ವಾಪಸ್ ಕೋಷ್ಟಕಕ್ಕೆ ಬರಬೇಕು ಅನ್ನೋ ಸಾಲು ಪಟ್ಟಿಗೆ ಸೇರಿದ್ದು ಹೀಗೆ.

ಬೀಗ ಹಾಕಿದ ಮನೆಗೆ ಬದಲು ಪಕ್ಕದ ಮನೆ ಕೂಡದು. ಮಗ್ಗ ಬಿಟ್ಟು ಕೂಲಿಗೆ ಹೋದವರ ಬಾಗಿಲಿಗೇ ಹಗಲಲ್ಲಿ ಬೀಗ ಇರುತ್ತದೆ. ಬದಲಿಗೆ ತೆಗೆದುಕೊಂಡರೆ ಸಿಗುವುದು ಮನೆಯಲ್ಲೇ ಕೂತು ನೇಯುವವರು. ಮೂರು ಸಲ ಹೋಗಬೇಕು, ಅದರಲ್ಲಿ ಒಂದು ಸಲ ಸಂಜೆ ಏಳರ ಮೇಲೆ. ಆಗಲೂ ಸಿಗದಿದ್ದರೆ "ಸಿಗಲಿಲ್ಲ" ಅಂತಲೇ ಬರೆಯಬೇಕು.

ಈಗ ಎಲ್ಲಿದ್ದೇವೆ

ಪ್ರಶ್ನೆ ಕೇಳುವವರ ಕೆಲಸ ಸರಿಯಿದೆಯಾ ಅಂತ ಪರೀಕ್ಷಿಸಲು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಬಂಗಾಳದ ಬೆಳೆ ಸರ್ವೆಗಳಲ್ಲಿ ಬಳಸಿದ ಉಪಾಯವೊಂದನ್ನ ಚಿಕ್ಕದಾಗಿ ತೆಗೆದುಕೊಂಡಿದ್ದೇನೆ. ಆರಿಸಿದ ಮನೆಗಳನ್ನ ಒಂದು ಬಿಟ್ಟು ಒಂದರಂತೆ ಇಬ್ಬರಿಗೆ ಹಂಚುವುದು. ಇಬ್ಬರೂ ಎಲ್ಲಾ ಓಣಿಗೂ ಹೋಗುತ್ತಾರೆ. ಒಬ್ಬರ ಹಾಳೆಗಳಲ್ಲಿ ಸೀರೆಗೆ ಉಳಿಯುವ ಹಣ ಇನ್ನೊಬ್ಬರದಕ್ಕಿಂತ ತುಂಬಾ ಬೇರೆ ಬಂದರೆ ಕಾರಣ ಕೇಳುವ ರೀತಿಯಲ್ಲಿ ಇರಬಹುದು, ನಿಲ್ಲಿಸಿ ನೋಡಬೇಕು.

ಚೆಕ್‌ಲಿಸ್ಟ್ ಈಗ ಎರಡು ಪುಟ. ಸಂಪಾದನೆಯ ನಾಲ್ಕು ಪ್ರಶ್ನೆಗಳ ಮುಂದೆ ಟಿಕ್ ಬಿದ್ದಿದೆ. ಮುಂಗಡದ ಪ್ರಶ್ನೆಯ ಮುಂದೆ ಇನ್ನೂ ಬಿದ್ದಿಲ್ಲ, ಅದನ್ನ ಐದು ಜನರ ಮುಂದೆ ಓದುವುದು ಬಾಕಿ ಇದೆ. ಮುಂದಿನ ವಾರ ಎರಡು ಓಣಿಗಳಲ್ಲಿ ಮನೆ ಪಟ್ಟಿ ಶುರು ಮಾಡುತ್ತೇವೆ. ಪ್ರತಿ ಬಾಗಿಲಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ಗೊತ್ತಾದ ಮೇಲೆ ಉಳಿದ ಓಣಿಗಳಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕಬೇಕು.